ಒಂದು ಸ್ಕೂಟರ್, ಒಂದು ಪ್ಯಾಕೆಟ್ ಉಪ್ಪು, ಐದು ನಿಮಿಷದ ವೈವಾ

ಬಿಬಿಎ, ಎಂಬಿಎ ಓದುವವರ ಮಾರ್ಕೆಟಿಂಗ್ ಪುಸ್ತಕದಲ್ಲಿ ‘ಗ್ರಾಹಕ ವರ್ತನೆ’ ಎಂಬ ಅಧ್ಯಾಯ ಬಲು ಉದ್ದ. ಪುಟಕ್ಕೊಂದು ಚಿತ್ರ, ಚಿತ್ರದ ತುಂಬ ಬಾಣಗಳು, ನಡುನಡುವೆ ಪ್ರೊಫೆಸರುಗಳ ಹೆಸರು. ವೈವಾದಲ್ಲಿ ಇಷ್ಟಕ್ಕೂ ಸಿಗುವುದು ಐದು ನಿಮಿಷ. ಹೆಚ್ಚಿನ ವಿದ್ಯಾರ್ಥಿಗಳು ಖರೀದಿಯ ಐದು ಹಂತಗಳನ್ನು ಮಗ್ಗಿಯಂತೆ ಒಪ್ಪಿಸಿಬಿಡುತ್ತಾರೆ. “ಸರಿಯಮ್ಮ, ನಿನ್ನೆ ಅಂಗಡಿಯಿಂದ ಉಪ್ಪು ತಂದೆಯಲ್ಲ, ಅದರಲ್ಲಿ ಈ ಐದು ಹಂತ ಎಲ್ಲಿದೆ ತೋರಿಸು” ಎಂದು ಪರೀಕ್ಷಕರು ಕೇಳಿದಾಗ ಮಾತು ನಿಲ್ಲುತ್ತದೆ. ಕೇಳಬೇಕಾದ ಪ್ರಶ್ನೆಯೇ ಅದು.

ಹಾಗಾಗಿ ಅಧ್ಯಾಯವನ್ನು ಸಂಕ್ಷಿಪ್ತಗೊಳಿಸುವಾಗ ಹೆಸರುಗಳನ್ನು ಪಟ್ಟಿ ಮಾಡುವುದಕ್ಕಿಂತ ಒಂದು ಖರೀದಿಯನ್ನು ಹಿಡಿದು ಕೊನೆಯವರೆಗೆ ನಡೆಸುವುದು ಒಳ್ಳೆಯದು. ದಾವಣಗೆರೆಯ ಒಬ್ಬ ಉಪನ್ಯಾಸಕಿ ಸ್ಕೂಟರ್ ಕೊಳ್ಳುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಊರಾಚೆಯ ಕಾಲೇಜಿಗೆ ವರ್ಗವಾಗಿದೆ, ಬಸ್ಸಿನ ಸಮಯ ಹೊಂದುತ್ತಿಲ್ಲ. ಇದು ಅಗತ್ಯದ ಅರಿವು, ಮೊದಲ ಹಂತ. ಭಾವನನ್ನು ಕೇಳುತ್ತಾರೆ, ಸಹೋದ್ಯೋಗಿಯ ಗಾಡಿ ಓಡಿಸಿ ನೋಡುತ್ತಾರೆ, ಯೂಟ್ಯೂಬ್ ನೋಡುತ್ತಾರೆ. ಇದು ಮಾಹಿತಿಯ ಹುಡುಕಾಟ. ಕಡೆಗೆ ಒಂದು ಪೆಟ್ರೋಲ್ ಸ್ಕೂಟರ್, ಒಂದು ಎಲೆಕ್ಟ್ರಿಕ್ ಸ್ಕೂಟರ್ ಉಳಿಯುತ್ತವೆ.

ಮೂರನೆಯ ಹಂತವಾದ ಹೋಲಿಕೆಯಲ್ಲೇ ಅಧ್ಯಾಯದ ತಿರುಳಿದೆ. ವಿದ್ಯಾರ್ಥಿಗಳು ಓಡಿಹೋಗುವುದೂ ಇಲ್ಲೇ. ಈ ಉಪನ್ಯಾಸಕಿಗೆ ದಿನದ ಖರ್ಚು ಬಹಳ ಮುಖ್ಯ, ಅದಕ್ಕೆ 0.5 ತೂಕ ಕೊಡೋಣ. ಸರ್ವಿಸ್ ಮೇಲಿನ ಭರವಸೆಗೆ 0.3, ಬೆಲೆಗೆ 0.2. ಈಗ ಹತ್ತಕ್ಕೆ ಅಂಕ ಹಾಕೋಣ. ಪೆಟ್ರೋಲ್ ಗಾಡಿಗೆ ಖರ್ಚಿನಲ್ಲಿ 5, ಸರ್ವಿಸ್‌ನಲ್ಲಿ 8, ಬೆಲೆಯಲ್ಲಿ 7. ತೂಕದಿಂದ ಗುಣಿಸಿ ಕೂಡಿದರೆ 6.3. ಎಲೆಕ್ಟ್ರಿಕ್‌ಗೆ ಅದೇ ಕ್ರಮದಲ್ಲಿ 9, 4 ಮತ್ತು 5, ಒಟ್ಟು 6.7. ಎಲೆಕ್ಟ್ರಿಕ್ ಗೆದ್ದಿತು. ಒಂದು ಗುಣದ ಕೊರತೆಯನ್ನು ಇನ್ನೊಂದು ಗುಣ ತುಂಬಿಕೊಡುವ ಲೆಕ್ಕ ಇದು. ಆದರೆ ಅವರ ತಂದೆ, “ಬ್ಯಾಟರಿ ಕೆಟ್ಟರೆ ಇಲ್ಲಿ ನೋಡೋರು ಯಾರಮ್ಮ?” ಎಂದರು. ಆ ಮಾತು ಮನಸ್ಸಿಗೆ ಹತ್ತಿ, ಸರ್ವಿಸ್‌ಗೆ ಕನಿಷ್ಠ 5 ಅಂಕ ಇಲ್ಲದ ಗಾಡಿ ಬೇಡವೇ ಬೇಡ ಎಂದು ಮಗಳು ತೀರ್ಮಾನಿಸಿದರೆ, 4 ಅಂಕದ ಎಲೆಕ್ಟ್ರಿಕ್ ಅಲ್ಲೇ ಹೊರಬಿತ್ತು. ಅಂಕಗಳೊಂದೂ ಬದಲಾಗಲಿಲ್ಲ, ಆರಿಸುವ ನಿಯಮ ಬದಲಾಯಿತು. ಈಗ ಎಲೆಕ್ಟ್ರಿಕ್ ಕಂಪನಿ ಬೆಲೆ ಇಳಿಸಿದರೂ ಈಕೆ ತಿರುಗಿ ನೋಡುವುದಿಲ್ಲ, ಊರಿನಲ್ಲೊಂದು ಸರ್ವಿಸ್ ಸೆಂಟರ್ ತೆರೆದರೆ ನೋಡಿಯಾರು. ಮಾದರಿಯಿಂದ ವ್ಯಾಪಾರಿಗೆ ಏನು ಲಾಭ ಎಂದು ವೈವಾದಲ್ಲಿ ಕೇಳಿದರೆ ಈ ಉತ್ತರ ಸಾಕು.

ಮನಸ್ಸು ಮಾಡಿದ ಮೇಲೂ ಕೊಳ್ಳುವವರೆಗೆ ನಂಬುವಂತಿಲ್ಲ. ನಡುವೆ ಎರಡು ಸಂಗತಿ ಅಡ್ಡ ಬರಬಹುದು ಎನ್ನುತ್ತಾರೆ ಫಿಲಿಪ್ ಕೋಟ್ಲರ್. ಒಂದು, ಹತ್ತಿರದವರ ಅಭಿಪ್ರಾಯ. ಇನ್ನೊಂದು, ಎಣಿಸಿರದ ಸಂದರ್ಭ, ಬೇಕಾದ ಬಣ್ಣ ಶೋರೂಮಿನಲ್ಲಿ ಇಲ್ಲದಿರುವುದೂ ಇದರಲ್ಲೇ ಬರುತ್ತದೆ. ಗಾಡಿ ಮನೆಗೆ ಬಂದ ಮೇಲೆ ‘ಎಲೆಕ್ಟ್ರಿಕ್ಕೇ ತೆಗೆದುಕೊಳ್ಳಬೇಕಿತ್ತೇನೋ’ ಎಂಬ ಕಸಿವಿಸಿ ಇದ್ದದ್ದೇ. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ವಿವರಿಸಿದ ‘ಕಾಗ್ನಿಟಿವ್ ಡಿಸೊನೆನ್ಸ್’ ಇದೇ. ಡೀಲರ್ ವಾರದೊಳಗೆ ಫೋನ್ ಮಾಡಿ “ಗಾಡಿ ಹೇಗಿದೆ ಮೇಡಂ?” ಎನ್ನುವುದರಲ್ಲಿ ಸೌಜನ್ಯ ಎಷ್ಟಿದೆಯೋ ಈ ಕಸಿವಿಸಿಗೆ ಮದ್ದೂ ಅಷ್ಟೇ ಇದೆ.

ಈಗ ಉಪ್ಪಿಗೆ ಬನ್ನಿ. ಜಾನ್ ಹೋವರ್ಡ್ ಮತ್ತು ಜಗದೀಶ್ ಶೇಠ್ 1969ರಲ್ಲಿ ಪ್ರಕಟಿಸಿದ ಮಾದರಿಯ ಚಿತ್ರ ನೋಡಿದರೆ ಹೆದರಿಕೆಯಾಗುತ್ತದೆ, ಒಳಗಿರುವ ಮಾತು ಸರಳ. ಹೊಸ ವಸ್ತು ಕೊಳ್ಳುವಾಗ ಗ್ರಾಹಕ ಆಮೂಲಾಗ್ರ ವಿಚಾರಿಸುತ್ತಾನೆ. ವಸ್ತುವಿನ ಪರಿಚಯವಿದ್ದು ಬ್ರ್ಯಾಂಡ್ ಹೊಸದಾದರೆ ಸ್ವಲ್ಪ ವಿಚಾರಿಸುತ್ತಾನೆ. ಎರಡೂ ಗೊತ್ತಿದ್ದರೆ ಕೈ ತಾನಾಗಿ ಹೋಗುತ್ತದೆ. ಉಪ್ಪಿನ ಖರೀದಿ ಮೂರನೆಯ ಬಗೆ: ಡಬ್ಬ ಖಾಲಿಯಾಯಿತು, ತಂದರು. ಹುಡುಕಾಟವೂ ಇಲ್ಲ, ಹೋಲಿಕೆಯೂ ಇಲ್ಲ. ಹೀಗಾಗಿ ಉಪ್ಪು ಮಾರುವವನು ಗ್ರಾಹಕನಿಗೆ ಮಾಹಿತಿ ಕೊಡುವುದಕ್ಕಿಂತ ಬೀದಿ ಬೀದಿಯ ಅಂಗಡಿಯಲ್ಲಿ ತನ್ನ ಪ್ಯಾಕೆಟ್ ತಪ್ಪದಂತೆ ನೋಡಿಕೊಳ್ಳಬೇಕು. ಒಂದು ದಿನ ಅದು ಸಿಗದೆ ಬೇರೆಯದು ಮನೆಗೆ ಹೋದರೆ, ರೂಢಿ ಮುರಿಯಿತು.

ಪ್ರೇರಕ ಅಂಶಗಳನ್ನು ಪುಸ್ತಕ ನಾಲ್ಕು ಗುಂಪು ಮಾಡುತ್ತದೆ: ಸಾಂಸ್ಕೃತಿಕ, ಸಾಮಾಜಿಕ, ವೈಯಕ್ತಿಕ, ಮಾನಸಿಕ. ಹೆಸರು ಹೇಳಲು ಅರ್ಧ ನಿಮಿಷ ಸಾಕು. ಉಳಿದ ಸಮಯ ಉದಾಹರಣೆಗಿರಲಿ. 1994ರಲ್ಲಿ ಭಾರತಕ್ಕೆ ಬಂದ ಕೆಲಾಗ್ಸ್‌ನ ಕಾರ್ನ್‌ಫ್ಲೇಕ್ಸನ್ನು ಜನ ಕುತೂಹಲಕ್ಕೆ ಕೊಂಡರು, ಮತ್ತೆ ಕೊಳ್ಳಲು ಬರಲಿಲ್ಲ. ಅದನ್ನು ತಣ್ಣನೆಯ ಹಾಲಿಗೆ ಹಾಕಿ ಗರಿಗರಿಯಾಗಿ ತಿನ್ನಬೇಕು, ನಮ್ಮವರು ರೂಢಿಯಂತೆ ಬಿಸಿ ಹಾಲು ಸುರಿದರು, ಅದು ಮೆತ್ತಗಾಯಿತು. ಬೆಲೆಯೂ ಹೆಚ್ಚಿತ್ತು. ಇಲ್ಲಿ ಕೆಲಸ ಮಾಡಿದ್ದು ಸಂಸ್ಕೃತಿ, ಪೆಟ್ಟು ಬಿದ್ದದ್ದು ಐದನೆಯ ಹಂತಕ್ಕೆ. ಹೀಗೆ ಪ್ರೇರಕ ಯಾವುದು, ಅದು ಯಾವ ಹಂತವನ್ನು ಮುಟ್ಟಿತು ಎಂದು ಜೊತೆಯಾಗಿ ಹೇಳಿದರೆ ಎರಡೇ ವಾಕ್ಯದ ಉದಾಹರಣೆಗೂ ಗಟ್ಟಿತನ ಬರುತ್ತದೆ.

ಟಾಟಾ ನ್ಯಾನೋ ಎಲ್ಲರ ಬಾಯಲ್ಲೂ ಬರುವ ಉದಾಹರಣೆ, ಜಾರಿಬೀಳುವುದೂ ಅಲ್ಲೇ. ಸ್ಕೂಟರ್ ಮೇಲೆ ಕುಟುಂಬವನ್ನೆಲ್ಲ ಹೊತ್ತು ಸಾಗುವವರನ್ನು ನೋಡಿ ಹುಟ್ಟಿದ ಈ ಕಾರು 2009ರಲ್ಲಿ ಸುಮಾರು ಒಂದು ಲಕ್ಷ ರೂಪಾಯಿಗೆ ಮಾರುಕಟ್ಟೆಗೆ ಬಂತು. ಅಗ್ಗದ ಕಾರು ಎಂದು ಬಿಂಬಿಸಿದ್ದೇ ತಪ್ಪಾಯಿತು ಎಂದು ರತನ್ ಟಾಟಾ ಅವರೇ ಆಮೇಲೆ ಒಪ್ಪಿಕೊಂಡರು. ಕಾರು ಕೊಳ್ಳುವುದು ನಾಲ್ಕು ಜನರ ಮುಂದೆ ಒಂದು ಮೆಟ್ಟಿಲು ಹತ್ತಿದಂತೆ, ಅಗ್ಗವೆಂಬ ಹಣೆಪಟ್ಟಿ ಅದಕ್ಕೆ ಒಗ್ಗುವುದಿಲ್ಲ. ಇದು ಸಾಮಾಜಿಕ ಪ್ರೇರಕ. ಆದರೆ ಅಲ್ಲಿಗೇ ನಿಲ್ಲಿಸಿದರೆ ಪರೀಕ್ಷಕರು ಬಿಡುವುದಿಲ್ಲ. ಸಿಂಗೂರಿನಿಂದ ಕಾರ್ಖಾನೆ ಸಾಣಂದಕ್ಕೆ ಹೋಗಿ ತಡವಾಯಿತು, ಕೆಲವು ಕಾರುಗಳಿಗೆ ಬೆಂಕಿ ಹತ್ತಿದ ಸುದ್ದಿಯೂ ಬಂತು. ಸೋಲಿಗೆ ಗ್ರಾಹಕರ ಮನಸ್ಸೊಂದೇ ಕಾರಣವಲ್ಲ ಎಂದು ವಿದ್ಯಾರ್ಥಿಯೇ ಮೊದಲು ಹೇಳಿಬಿಡುವುದು ಜಾಣತನ.

ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: “ಇಷ್ಟೆಲ್ಲ ಮಾದರಿ ಏಕೆ? ಗ್ರಾಹಕರನ್ನೇ ಕೇಳಬಾರದೇ?” ಇದಕ್ಕೆ ಮೇಸನ್ ಹೇರ್ 1950ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಒಳ್ಳೆಯ ಉತ್ತರ. ಇನ್‌ಸ್ಟಂಟ್ ಕಾಫಿ ಏಕೆ ಬೇಡ ಎಂದು ಕೇಳಿದರೆ ಅಮೆರಿಕದ ಗೃಹಿಣಿಯರು ರುಚಿ ಹಿಡಿಸದು ಎನ್ನುತ್ತಿದ್ದರು. ಹೇರ್ ಎರಡು ದಿನಸಿ ಚೀಟಿ ತಯಾರಿಸಿದರು. ಎರಡೂ ಒಂದೇ, ಒಂದರಲ್ಲಿ ಮಾತ್ರ ನೆಸ್‌ಕೆಫೆ ಇನ್‌ಸ್ಟಂಟ್, ಇನ್ನೊಂದರಲ್ಲಿ ಮ್ಯಾಕ್ಸ್‌ವೆಲ್ ಹೌಸ್ ಕಾಫಿಪುಡಿ. ಈ ಚೀಟಿ ಬರೆದ ಹೆಂಗಸು ಎಂಥವಳಿರಬಹುದು ಎಂದು ಬೇರೆ ಬೇರೆ ಗುಂಪುಗಳನ್ನು ಕೇಳಿದರು. ಇನ್‌ಸ್ಟಂಟ್ ಚೀಟಿಯವಳನ್ನು ಸುಮಾರು ಅರ್ಧದಷ್ಟು ಮಂದಿ ಸೋಮಾರಿ ಎಂದರು, ಇನ್ನೊಬ್ಬಳನ್ನು ಹಾಗೆ ಅಂದವರು ತೀರಾ ಕಡಿಮೆ. ರುಚಿಯ ಮಾತಿನ ಹಿಂದೆ, ಮನೆಗೆಲಸ ಗೊತ್ತಿಲ್ಲದವಳು ಎನಿಸಿಕೊಳ್ಳುವ ಅಳುಕಿತ್ತು. ಫಿಲ್ಟರ್ ಕಾಫಿಯ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಾಜೆಕ್ಟ್ ವರದಿಯಲ್ಲಿ ‘ನೀವು ಈ ಬ್ರ್ಯಾಂಡ್ ಏಕೆ ಕೊಂಡಿರಿ?’ ಎಂಬ ಪ್ರಶ್ನೆಗೆ ‘ಗುಣಮಟ್ಟ’ ಎಂಬ ದೊಡ್ಡ ತುಂಡಿನ ಪೈ ಚಾರ್ಟ್ ಬರೆದಿರುವವರು ಈ ಪ್ರಶ್ನೆಗೆ ಸಿದ್ಧವಾಗಿರಬೇಕು. ‘ನಿಮ್ಮ ಪಕ್ಕದ ಮನೆಯವರು ಏಕೆ ಕೊಂಡಿರಬಹುದು?’ ಎಂದೂ ಕೇಳಿದ್ದರೆ ಚಾರ್ಟ್ ಬೇರೆಯೇ ಬರಬಹುದಿತ್ತು.