ಗೂಡು ಬದಲಿಸಿದ ಡಬ್ಬಿ

2024ರ ಏಪ್ರಿಲ್ ಮೂರನೆಯ ವಾರ. ಐದು ಅಂಗಡಿಗಳ ಯಜಮಾನರೊಬ್ಬರು ನನ್ನ ಮುಂದೆ ಎರಡು ಹಾಳೆ ಇಟ್ಟರು. ಎರಡರ ತಲೆಬರಹವೂ ಒಂದೇ, ಮಾರ್ಚ್ ತಿಂಗಳ ಮಾರಾಟ. ಏಪ್ರಿಲ್ 2ರಂದು ತೆಗೆದ ಪ್ರಿಂಟ್‌ನಲ್ಲಿ ‘ಹೆಲ್ತ್ ಡ್ರಿಂಕ್ಸ್’ ಎದುರು 12.4 ಲಕ್ಷ ಇತ್ತು. ಆವತ್ತು ಬೆಳಿಗ್ಗೆ ತೆಗೆದದ್ದರಲ್ಲಿ 3.1 ಲಕ್ಷ.

“ಏನ್ರೀ ಇದು? ಮುಗಿದುಹೋದ ಮಾರ್ಚ್‌ನಲ್ಲಿ ಒಂಬತ್ತು ಲಕ್ಷ ಎಲ್ಲಿಗೆ ಹೋಯ್ತು?”

“ಎಲ್ಲೂ ಹೋಗಿಲ್ಲ ಸರ್, ಕೆಳಗಡೆ ಒಟ್ಟು ಮೊತ್ತ ನೋಡಿ” ಅಂದೆ. ಎರಡೂ ಹಾಳೆಯಲ್ಲಿ ಒಟ್ಟು ಒಂದೇ ಇತ್ತು, ಒಂದು ರೂಪಾಯಿಯೂ ಆಚೀಚೆ ಇಲ್ಲ. ಹಣ ಕಳೆದಿರಲಿಲ್ಲ. ಅದು ಕೂತಿದ್ದ ಗೂಡು ಬದಲಾಗಿತ್ತು. (ಲೆಕ್ಕ ಹಿಡಿಯಲು ಸುಲಭವಾಗಲಿ ಎಂದು ಅಂಕಿಗಳನ್ನು ಇಲ್ಲಿ ದುಂಡಗೆ ಮಾಡಿದ್ದೇನೆ.)

ಬದಲಾಗಲು ಕಾರಣ ಪತ್ರಿಕೆಗಳಲ್ಲೇ ಬಂದಿತ್ತು. ಆ ತಿಂಗಳ ಮೊದಲ ವಾರದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಆನ್‌ಲೈನ್ ಮಾರಾಟಗಾರರಿಗೆ ಒಂದು ಸೂಚನೆ ಕೊಟ್ಟಿತು. ಹಾಲು, ಧಾನ್ಯ, ಮಾಲ್ಟ್‌ನಿಂದ ಮಾಡಿದ ಪಾನೀಯದ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ಅಥವಾ ‘ಎನರ್ಜಿ ಡ್ರಿಂಕ್’ ಎಂಬ ಪಟ್ಟಿಯಲ್ಲಿ ಇಡಬೇಡಿ, ಹೆಲ್ತ್ ಡ್ರಿಂಕ್ ಎಂಬ ಪದಕ್ಕೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲ ಎಂದಿತು. ಏಪ್ರಿಲ್ 10ರಂದು ಕೇಂದ್ರ ವಾಣಿಜ್ಯ ಸಚಿವಾಲಯವೂ ಬೋರ್ನ್‌ವಿಟಾ ಸೇರಿದಂತೆ ಇಂಥ ಪಾನೀಯಗಳನ್ನು ಆ ಪಟ್ಟಿಯಿಂದ ತೆಗೆಯಿರಿ ಎಂದು ಸಲಹಾಪತ್ರ ಕಳಿಸಿತು. ನಮ್ಮ ಯಜಮಾನರು ಮನೆ ಬಾಗಿಲಿಗೂ ಸಾಮಾನು ಕಳಿಸುವವರು. ಏಪ್ರಿಲ್ 15ರಂದು ಅವರ ಆಫೀಸಿನ ಹುಡುಗಿ ಕಂಪ್ಯೂಟರಿನಲ್ಲಿ ಮಾಲ್ಟ್ ಪುಡಿಗಳನ್ನೆಲ್ಲ ‘ಹೆಲ್ತ್ ಡ್ರಿಂಕ್ಸ್’ನಿಂದ ತೆಗೆದು ‘ಮಾಲ್ಟ್ ಪುಡಿ’ ಎಂಬ ಹೊಸ ವರ್ಗಕ್ಕೆ ಹಾಕಿದಳು. ಅವಳು ಮಾಡಿದ್ದು ಸರಿಯಾಗಿಯೇ ಇತ್ತು.

ಗೋಜಲು ಎಲ್ಲಿತ್ತೆಂದರೆ, ಅಂಗಡಿಯ ಲೆಕ್ಕ ಎರಡು ಪುಸ್ತಕಗಳಲ್ಲಿ ಇರುತ್ತದೆ. ಒಂದು ಮಾರಾಟದ ಪುಸ್ತಕ: ಯಾವ ದಿನ, ಯಾವ ಅಂಗಡಿ, ಯಾವ ಕೋಡ್‌ನ ಸರಕು, ಎಷ್ಟು ರೂಪಾಯಿ. ದಿನಕ್ಕೆ ಸಾವಿರಾರು ಸಾಲು ಬೆಳೆಯುತ್ತದೆ. ಇನ್ನೊಂದು ಸರಕಿನ ಪಟ್ಟಿ: ಕೋಡ್ 4471 ಅಂದರೆ ಅರ್ಧ ಕೆ.ಜಿ. ಮಾಲ್ಟ್ ಪುಡಿ, ಅದರ ವರ್ಗ ಇಂಥದ್ದು. ಇದು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಅಲುಗಾಡುತ್ತದೆ. ಬಿಲ್ಲಿನಲ್ಲಿ ವರ್ಗದ ಹೆಸರು ಇರುವುದಿಲ್ಲ, ಕೋಡ್ ಮಾತ್ರ. ರಿಪೋರ್ಟ್ ಕೇಳಿದಾಗ ಕಂಪ್ಯೂಟರ್ ಎರಡನ್ನೂ ಕೋಡ್ ಹಿಡಿದು ಜೋಡಿಸುತ್ತದೆ. ಪಟ್ಟಿಯಲ್ಲಿ 4471ಕ್ಕೆ ಒಂದೇ ಸಾಲು, ಒಂದೇ ವರ್ಗ. ಅದು ಇವತ್ತಿನ ವರ್ಗ. ಮಾರ್ಚ್ 3ರ ಬಿಲ್ಲಿಗೂ ಏಪ್ರಿಲ್ 15ರ ಗೂಡೇ ಅಂಟಿಕೊಂಡಿತು. ಮಾಲ್ಟ್ ಪುಡಿ ದಿನಕ್ಕೆ 30,000 ರೂಪಾಯಿಯಂತೆ ಮಾರ್ಚ್‌ನ 31 ದಿನಕ್ಕೆ 9.3 ಲಕ್ಷ, ಉಳಿದ ಪಾನೀಯಗಳು ದಿನಕ್ಕೆ 10,000ದಂತೆ 3.1 ಲಕ್ಷ. ಯಜಮಾನರ ಹಾಳೆಯಲ್ಲಿ ಉಳಿದದ್ದು ಆ ಎರಡನೆಯದು.

ಹಳೆಯ ದಿನವಹಿಯಲ್ಲಿ ಈ ತಾಪತ್ರಯ ಇರಲಿಲ್ಲ. ಗುಮಾಸ್ತ ಶಾಯಿಯಲ್ಲಿ ಬರೆದಿಟ್ಟ ವರ್ಗ ಬರೆದ ದಿನದ್ದೇ ಆಗಿ ಉಳಿಯುತ್ತಿತ್ತು. ಹಾಗಾದರೆ ನಾವೂ ಮಾರಾಟದ ಪ್ರತಿ ಸಾಲಿನಲ್ಲೇ ವರ್ಗವನ್ನು ಅಚ್ಚೊತ್ತಿಬಿಟ್ಟರೆ? ಬಹಳ ಜನಕ್ಕೆ ಮೊದಲು ಹೊಳೆಯುವ ಉಪಾಯ ಇದೇ. ನಾನು ನೋಡಿಕೊಳ್ಳುವ ಇನ್ನೊಂದು ಕಡೆ ಹಾಗೆಯೇ ಮಾಡಿಟ್ಟಿದ್ದರು, ಮಾಡಿದವನು ನಾನೇ. ಅಲ್ಲಿ ಆದ ಎಡವಟ್ಟು ಇದಕ್ಕಿಂತ ವಿಚಿತ್ರ. ಹೋಲಿಸಲು ಅನುಕೂಲವಾಗಲಿ ಎಂದು ಅದಕ್ಕೂ ಇವೇ ಅಂಕಿಗಳನ್ನು ಇಟ್ಟುಕೊಳ್ಳೋಣ. ಅವರ ಮಾರ್ಚ್ ರಿಪೋರ್ಟ್ 12.4 ಲಕ್ಷವನ್ನೂ ತೋರಿಸಲಿಲ್ಲ, 3.1 ಲಕ್ಷವನ್ನೂ ತೋರಿಸಲಿಲ್ಲ. ಅದು ತೋರಿಸಿದ್ದು 7.9 ಲಕ್ಷ. ದಿನವಾರು ಬಿಡಿಸಿ ನೋಡಿದರೆ ಮಾರ್ಚ್ 16ರವರೆಗೆ ಮಾಲ್ಟ್ ಪುಡಿ ಹೆಲ್ತ್ ಡ್ರಿಂಕ್, 17ರಿಂದ ಅಲ್ಲ. ಮಾರ್ಚ್ 17 ಭಾನುವಾರ. ಆ ದಿನ ಯಾರೂ ಏನನ್ನೂ ಬದಲಿಸಿರಲಿಲ್ಲ, ಸರ್ಕಾರದ ಸೂಚನೆಯೂ ಇನ್ನೂ ಬಂದಿರಲಿಲ್ಲ.

ಈ 17 ಎಲ್ಲಿಂದ ಬಂತು ಎಂದು ಅರ್ಧ ದಿನ ತಲೆ ಕೆರೆದುಕೊಂಡೆ. ಮಾರಾಟದ ಸಾಲುಗಳು ಒಮ್ಮೆ ಬಂದು ಸುಮ್ಮನೆ ಕೂರುವುದಿಲ್ಲ. ಒಂದು ಅಂಗಡಿಯಲ್ಲಿ ಇಂಟರ್‌ನೆಟ್ ಹೋಗಿ ಬಿಲ್ಲುಗಳು ಎರಡು ದಿನ ತಡವಾಗಿ ಬರುತ್ತವೆ, ಇನ್ನೊಂದರಲ್ಲಿ ತಪ್ಪು ಬಿಲ್ಲನ್ನು ರದ್ದು ಮಾಡುತ್ತಾರೆ. ಅದಕ್ಕಾಗಿ ರಾತ್ರಿ ಎರಡು ಗಂಟೆಗೆ ಹಿಂದಿನ 30 ದಿನದ ಮಾರಾಟವನ್ನು ಪೂರ್ತಿ ಅಳಿಸಿ, ಅಂಗಡಿಗಳಿಂದ ಹೊಸದಾಗಿ ತುಂಬಿಕೊಳ್ಳುವ ಏರ್ಪಾಡು ಇತ್ತು. ಒಳ್ಳೆಯ ಏರ್ಪಾಡೇ. ಆದರೆ ವರ್ಗವನ್ನು ಅಚ್ಚೊತ್ತುತ್ತಿದ್ದದ್ದು ಈ ತುಂಬಿಕೊಳ್ಳುವ ಹೊತ್ತಿನಲ್ಲಿ. ಏಪ್ರಿಲ್ 15ರ ಹಗಲು ವರ್ಗ ಬದಲಾಯಿತು. ಆ ರಾತ್ರಿ ಮಾರ್ಚ್ 17ರಿಂದ ಏಪ್ರಿಲ್ 15ರವರೆಗಿನ 30 ದಿನ ಅಳಿದು ಮತ್ತೆ ತುಂಬಿದಾಗ ಎಲ್ಲದರ ಮೇಲೂ ಹೊಸ ಅಚ್ಚು ಬಿತ್ತು. ಮಾರ್ಚ್ 16ರ ಆಚೆಗಿನ ಸಾಲುಗಳನ್ನು ಯಾರೂ ಮುಟ್ಟಲಿಲ್ಲ. ಮರುದಿನ ಕಿಟಕಿ ಒಂದು ದಿನ ಮುಂದೆ ಸರಿಯಿತು, ಗೆರೆ ಮಾತ್ರ ಮಾರ್ಚ್ 17ರಲ್ಲೇ ಕಲ್ಲಿನಂತೆ ನಿಂತಿತು. ರಿಪೋರ್ಟಿನಲ್ಲಿ ಹೀಗೆ ಕಾರಣವಿಲ್ಲದ ತಾರೀಖಿಗೆ ವರ್ಗವೊಂದು ಕುಸಿದಿದ್ದರೆ, ಬದಲಾವಣೆಯ ದಿನದಿಂದ ಹಿಂದಕ್ಕೆ ಎಣಿಸಿ ನೋಡಬೇಕು. ರಾತ್ರಿ ಮರುತುಂಬುವ ದಿನಗಳ ಲೆಕ್ಕಕ್ಕೆ ತಾಳೆಯಾದರೆ ಕಳ್ಳ ಸಿಕ್ಕಿದ ಹಾಗೆ.

ಎರಡು ಕಡೆಯೂ ತಪ್ಪಿನ ಬೇರು ಒಂದೇ. ಕೇಳಬೇಕಾದದ್ದು ಮಾರಾಟದ ದಿನ ಈ ಡಬ್ಬಿ ಯಾವ ವರ್ಗದಲ್ಲಿತ್ತು ಎಂದು. ಮೊದಲನೆಯವರು ರಿಪೋರ್ಟ್ ತೆಗೆದ ದಿನದ ವರ್ಗ ಕೇಳಿದರು, ನಾನು ಸಾಲು ತುಂಬಿದ ದಿನದ ವರ್ಗ ಕೇಳಿದೆ. ಮಾರಾಟದ ದಿನದ ವರ್ಗ ಬೇಕೆಂದರೆ ಪಟ್ಟಿಗೆ ಹಳೆಯದರ ನೆನಪಿರಬೇಕು. ಅಮೆರಿಕದ ರಾಲ್ಫ್ ಕಿಂಬಾಲ್ 1996ರಲ್ಲಿ ಬಂದ ತಮ್ಮ ಡೇಟಾ ವೇರ್‌ಹೌಸ್ ಪುಸ್ತಕದಲ್ಲಿ ಇಂಥ ನಿಧಾನವಾಗಿ ಬದಲಾಗುವ ಪಟ್ಟಿಗಳನ್ನು ನಿಭಾಯಿಸುವ ಬಗೆಗಳಿಗೆ ಟೈಪ್ 1, 2, 3 ಎಂದು ನಂಬರು ಕೊಟ್ಟರು. ಹಳೆಯದನ್ನು ಅಳಿಸಿ ಬರೆಯುವುದು ಟೈಪ್ 1. ಹಳೆಯ ಸಾಲಿಗೆ ಮುಗಿದ ತಾರೀಖು ಹಾಕಿ, ಕೆಳಗೆ ಹೊಸ ಸಾಲು ಬರೆಯುವುದು ಟೈಪ್ 2. ನಮ್ಮ ಕಂದಾಯ ದಾಖಲೆಯಲ್ಲಿ ಹಳೆಯ ಖಾತೆದಾರನ ಹೆಸರು ಅಳಿಯದೆ ಹೊಸ ಖಾತೆದಾರ ಸೇರುವ ಹಾಗೆ. 4471ಕ್ಕೆ ಈಗ ಎರಡು ಸಾಲು:

```
product  category  valid_from  valid_to
4471     HEALTH    2022-06-01  2024-04-15
4471     MALT      2024-04-15  9999-12-31
```

9999 ಎಂದರೆ ಸದ್ಯಕ್ಕೆ ಮುಗಿದಿಲ್ಲ ಎಂದಷ್ಟೇ. ಜೋಡಿಸುವಾಗ ಕೋಡ್ ಜೊತೆಗೆ ತಾರೀಖನ್ನೂ ಹೊಂದಿಸುತ್ತೇವೆ:

```sql
SELECT c.category, SUM(s.amount)
FROM sales s
JOIN product_category c
  ON  c.product = s.product
  AND s.sale_date >= c.valid_from
  AND s.sale_date <  c.valid_to
GROUP BY c.category;
```

ಇನ್ನು ಮಾರಾಟವನ್ನು ರಾತ್ರಿಗೊಮ್ಮೆ ಅಳಿಸಿ ತುಂಬಲಿ, ವಾರಕ್ಕೊಮ್ಮೆ ತುಂಬಲಿ, ಮಾರ್ಚ್ 20ರ ಬಿಲ್ಲು ಮಾರ್ಚ್ 20ರ ಗೂಡಿಗೇ ಹೋಗುತ್ತದೆ.

ಈ ನಾಲ್ಕು ಸಾಲಿನಲ್ಲಿ ಜನ ಮುಗ್ಗರಿಸುವ ಜಾಗ ಕೊನೆಯ `<` ಚಿಹ್ನೆ. ಓದಲು ಚಂದವಾಗಿದೆ ಎಂದು ಅದರ ಬದಲು `BETWEEN` ಬರೆಯುವವರಿದ್ದಾರೆ. `BETWEEN` ಎರಡೂ ತುದಿಗಳನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಆಗ ಏಪ್ರಿಲ್ 15 ಹಳೆಯ ಸಾಲಿಗೂ ಸೇರಿತು, ಹೊಸ ಸಾಲಿಗೂ ಸೇರಿತು. ಆ ದಿನದ ಪ್ರತಿ ಬಿಲ್ಲೂ ಎರಡು ಸಲ ಎಣಿಕೆಯಾಗಿ ತಿಂಗಳ ಒಟ್ಟು ಮಾರಾಟ 30,000 ರೂಪಾಯಿ ಉಬ್ಬುತ್ತದೆ. ಏಪ್ರಿಲ್‌ನಲ್ಲಿ ಈ ಎರಡು ವರ್ಗ ಸೇರಿ ಬರಬೇಕಾದದ್ದು 12 ಲಕ್ಷ, ಹೆಲ್ತ್ ಡ್ರಿಂಕ್ಸ್ 7.2 ಮತ್ತು ಮಾಲ್ಟ್ ಪುಡಿ 4.8. ಬರುವುದು 12.3. ಇದಕ್ಕೆ ಉಲ್ಟಾ ತಪ್ಪೂ ಆಗುತ್ತದೆ. ಯಾರೋ ಕೈಯಲ್ಲಿ ತಿದ್ದುವಾಗ ಎರಡು ಸಾಲಿನ ನಡುವೆ ಒಂದು ದಿನ ಖಾಲಿ ಬಿಟ್ಟರೆ, ಆ ದಿನದ ಮಾರಾಟಕ್ಕೆ ಗೂಡೇ ಸಿಗದೆ ರಿಪೋರ್ಟಿನಿಂದ ಮಾಯವಾಗುತ್ತದೆ. ಯಾವ ಎಚ್ಚರಿಕೆಯ ಗಂಟೆಯೂ ಬಾರಿಸುವುದಿಲ್ಲ.

ಅದನ್ನು ಹಿಡಿಯಲು ದೊಡ್ಡ ವಿದ್ಯೆ ಬೇಡ. ವರ್ಗದ ಪಟ್ಟಿಯನ್ನು ಜೋಡಿಸದೆ ಬರೀ ಮಾರಾಟದ ಒಟ್ಟು ಒಂದು, ಜೋಡಿಸಿದ ಮೇಲಿನ ಒಟ್ಟು ಇನ್ನೊಂದು, ಎರಡನ್ನೂ ದಿನವಾರು ಅಕ್ಕಪಕ್ಕ ಇಡಬೇಕು. ಉಬ್ಬಿದ್ದರೆ ಅವಧಿಗಳು ಒಂದರ ಮೇಲೊಂದು ಹತ್ತಿವೆ, ತಗ್ಗಿದ್ದರೆ ನಡುವೆ ಬಿರುಕಿದೆ, ತಾರೀಖೇ ಜಾಗ ತೋರಿಸುತ್ತದೆ. ಈ ಪರೀಕ್ಷೆಗೂ ಒಂದು ಮಿತಿಯುಂಟು. ನನ್ನ 7.9 ಲಕ್ಷದ ತಪ್ಪನ್ನು ಇದು ಹಿಡಿಯುತ್ತಿರಲಿಲ್ಲ, ಏಕೆಂದರೆ ಅಲ್ಲಿ ಹಣ ಬೇರೆ ಗೂಡಿನಲ್ಲಿ ಕೂತಿತ್ತೇ ಹೊರತು ಹೆಚ್ಚೂ ಆಗಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ. ಅದಕ್ಕೆ ಮುಗಿದ ತಿಂಗಳ ವರ್ಗವಾರು ಮೊತ್ತವನ್ನು ತೆಗೆದಿಟ್ಟುಕೊಂಡು, ಮುಂದಿನ ತಿಂಗಳು ಅದೇ ರಿಪೋರ್ಟನ್ನು ಮತ್ತೆ ಓಡಿಸಿ ಹೋಲಿಸುವುದೇ ದಾರಿ.

ವಾಪಸು ಬಂದ ಸಾಮಾನಿನದು ಬೇರೆಯೇ ರಗಳೆ. ಏಪ್ರಿಲ್ 12ರಂದು ಮಾರಿದ ಡಬ್ಬಿಯೊಂದು, ಸೀಲ್ ಒಡೆದಿದೆ ಎಂದು 20ರಂದು ಮರಳಿತು ಅನ್ನಿ. ವಾಪಸಿನ ದಿನವನ್ನೇ ಹಿಡಿದರೆ ಮಾರಿದ ಹಣ ಹೆಲ್ತ್ ಡ್ರಿಂಕ್ಸ್‌ನಲ್ಲಿ, ಕಳೆದ ಹಣ ಮಾಲ್ಟ್ ಪುಡಿಯಲ್ಲಿ. ಹೊಸ ವರ್ಗವು ತಾನು ಮಾರದ ಡಬ್ಬಿಗೆ ದಂಡ ಕಟ್ಟುತ್ತದೆ. ವಾಪಸಿನ ಸಾಲಿನಲ್ಲಿ ಮೂಲ ಬಿಲ್ಲಿನ ತಾರೀಖನ್ನೂ ಇಟ್ಟುಕೊಂಡು, ವರ್ಗ ಹುಡುಕಲು ಅದನ್ನೇ ಬಳಸುವುದು ನನ್ನ ರೂಢಿ.

ಹಾಗೆಂದು ಎಲ್ಲ ಬದಲಾವಣೆಗೂ ಹೊಸ ಸಾಲು ಬರೆಯಬೇಕಿಲ್ಲ. ಸೀಗೆಪುಡಿಯನ್ನು ಯಾರೋ ಕೈತಪ್ಪಿ ಮಸಾಲೆ ಪುಡಿಗೆ ಸೇರಿಸಿದ್ದರೆ ಅದು ಯಾವತ್ತೂ ಮಸಾಲೆ ಆಗಿರಲಿಲ್ಲ. ಅಲ್ಲಿ ಮೊದಲಿನಿಂದಲೇ ಅಳಿಸಿ ತಿದ್ದುವುದು ಸರಿ. ಮಾಲ್ಟ್ ಪುಡಿ ಏಪ್ರಿಲ್ 14ರವರೆಗೆ ನಿಜಕ್ಕೂ ಆ ಗೂಡಿನಲ್ಲಿತ್ತು. ಇದು ತಿದ್ದುಪಡಿಯೋ ಬದಲಾವಣೆಯೋ ಎಂದು ಕಂಪ್ಯೂಟರಿಗೆ ತಿಳಿಯದು. ವರ್ಗ ಬದಲಿಸುವ ಪರದೆಯಲ್ಲಿ ‘ಯಾವ ದಿನದಿಂದ?’ ಎಂಬ ಖಾನೆ ಇರಬೇಕು, ಕೂತವರು ಅದನ್ನು ತುಂಬಬೇಕು. ಆಫೀಸಿನ ಹುಡುಗಿಯ ಪರದೆಯಲ್ಲಿ ಆ ಖಾನೆಯೇ ಇರಲಿಲ್ಲ.

ಎಲ್ಲ ಸರಿಪಡಿಸಿ 12.4 ಲಕ್ಷದ ಮಾರ್ಚ್ ಹಾಳೆಯನ್ನು ಮರಳಿ ಕೊಟ್ಟೆ. ಯಜಮಾನರು ನೋಡಿದರು, ತಲೆಯಾಡಿಸಿದರು, ಮೇ ಕೊನೆಗೆ ಮತ್ತೆ ಫೋನ್ ಮಾಡಿದರು.

“ಹೋದ ವರ್ಷದ ಮೇಗಿಂತ ಈ ಮೇನಲ್ಲಿ ಹೆಲ್ತ್ ಡ್ರಿಂಕ್ಸ್ ಮುಕ್ಕಾಲು ಪಾಲು ಬಿದ್ದಿದೆಯಲ್ರೀ?”

ಬಿದ್ದಿರಲಿಲ್ಲ. ಹೋದ ವರ್ಷದ ಮೇನಲ್ಲಿ ಮಾಲ್ಟ್ ಪುಡಿ ಒಳಗಿತ್ತು, ಈ ವರ್ಷ ಹೊರಗೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ, ಹೊಸಪೇಟೆಯನ್ನು ಒಳಗೊಂಡ ಹಳೆಯ ಬಳ್ಳಾರಿಯ ಅಂಕಿಯನ್ನು ಹೊಸ ಬಳ್ಳಾರಿಗೆ ಹೋಲಿಸಿದ ಹಾಗೆ ಅದು. ವರ್ಷಕ್ಕೆ ವರ್ಷ ಹೋಲಿಸುವಾಗ ಎರಡಕ್ಕೂ ಇವತ್ತಿನ ವರ್ಗವನ್ನೇ ಹಚ್ಚಬೇಕು, ಅಂದರೆ ಅವರು ಮೊದಲ ದಿನ ಸಿಟ್ಟಾಗಿ ತಂದಿದ್ದ ಆ 3.1 ಲಕ್ಷದ ಹಾಳೆಯಂತೆ. ಅದನ್ನು ಫೋನಿನಲ್ಲಿ ಹೇಳಲು ನನಗೂ ಸ್ವಲ್ಪ ಸಂಕೋಚವಾಯಿತು.

ಈಗ ಅವರ ರಿಪೋರ್ಟಿನ ತಲೆಯಲ್ಲಿ ಎರಡು ಬಟನ್ ಇವೆ, ‘ಅಂದಿನ ವರ್ಗ’ ಮತ್ತು ‘ಇಂದಿನ ವರ್ಗ’. ಒತ್ತಿದ್ದು ಯಾವುದು ಎಂಬುದು ಪ್ರಿಂಟ್ ತೆಗೆದ ಹಾಳೆಯ ಮೇಲೂ ಅಚ್ಚಾಗುತ್ತದೆ. ಆಡಿಟರಿಗೆ ಹೋಗುವುದು ಮೊದಲನೆಯದು. ಎರಡನೆಯದನ್ನು ಅವರು ಕಂಪನಿಗಳ ಸೇಲ್ಸ್‌ನವರು ಬಂದಾಗ ಮೇಜಿನ ಮೇಲೆ ಹರಡುತ್ತಾರೆ.