ಒಂದು ಅಕ್ಷರ ಬಂದಾಗ

ಆರ್ಡುಯಿನೊ ಉನೊ ಬೋರ್ಡಿನ ATmega328P ಚಿಪ್ಪಿಗೆ ಸೀರಿಯಲ್ ತಂತಿಯಲ್ಲಿ 9600 ಬಾಡ್ ವೇಗದಲ್ಲಿ ಅಕ್ಷರಗಳು ಬರುತ್ತಿವೆ ಎನ್ನಿ. ಅಕ್ಷರವೊಂದಕ್ಕೆ 10 ಬಿಟ್, ಅಂದರೆ ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು. 16 ಮೆಗಾಹರ್ಟ್ಸ್‌ನಲ್ಲಿ ಓಡುವ ಚಿಪ್ಪಿಗೆ ಅದು ಸುಮಾರು 16,600 ಸೈಕಲ್‌ಗಳ ಬಿಡುವು.

ಪೋಲಿಂಗ್ ಎಂದರೆ ಆ ಬಿಡುವನ್ನೆಲ್ಲ ಕೇಳುವುದರಲ್ಲೇ ಕಳೆಯುವುದು:

```c
while (!(UCSR0A & (1 << RXC0)));
c = UDR0;
```

ಇದರ ನಿಜವಾದ ತೊಂದರೆ ವ್ಯರ್ಥವಾಗುವ ಸೈಕಲ್‌ಗಳದ್ದಲ್ಲ. ಪ್ರೋಗ್ರಾಮು ಬೇರೊಂದು ಕೆಲಸಕ್ಕೆಂದು 5 ಮಿಲಿಸೆಕೆಂಡ್ ಅತ್ತ ಹೋಯಿತೆನ್ನಿ. ಚಿಪ್ಪು ಎರಡು ಅಕ್ಷರಗಳನ್ನು ಬಫರಿನಲ್ಲಿಯೂ ಮೂರನೆಯದನ್ನು ಶಿಫ್ಟ್ ರಿಜಿಸ್ಟರಿನಲ್ಲಿಯೂ ಹಿಡಿದಿಟ್ಟೀತು. ನಾಲ್ಕನೆಯದು ಶುರುವಾಯಿತೋ, ಅಕ್ಷರ ಕಳೆದುಹೋಗುತ್ತದೆ. ಹಾಗಾಯಿತೆಂದು `DOR0` ಬಿಟ್ ಹೇಳುತ್ತದೆ. ಆದರೆ `UDR0` ಓದುವ ಮೊದಲೇ ಅದನ್ನು ನೋಡಿಕೊಳ್ಳಬೇಕು.

ಇಂಟರಪ್ಟ್ ದಾರಿಯಲ್ಲಿ ಕೇಳುವ ಗೋಜಿಲ್ಲ. ಅಕ್ಷರ ಪೂರ್ತಿ ಬಂದೊಡನೆ `RXC0` ಏಳುತ್ತದೆ. ಚಿಪ್ಪು ಕೈಯಲ್ಲಿರುವ ಆದೇಶವನ್ನು ಮುಗಿಸಿ, ಮುಂದಿನ ಆದೇಶದ ವಿಳಾಸವನ್ನು ಸ್ಟ್ಯಾಕಿಗೆ ತಳ್ಳಿ, ಬೇರೆ ಇಂಟರಪ್ಟ್‌ಗಳು ನುಗ್ಗದಂತೆ I ಬಿಟ್ಟನ್ನು ಆರಿಸಿ, ವೆಕ್ಟರ್ ಕೋಷ್ಟಕದಲ್ಲಿ ಈ ಸಾಧನಕ್ಕೆಂದಿರುವ ಜಾಗಕ್ಕೆ ಜಿಗಿಯುತ್ತದೆ. ಇಷ್ಟಕ್ಕೆ ಕನಿಷ್ಠ 4 ಸೈಕಲ್. ಅಲ್ಲಿಂದ ಇನ್ನೊಂದು ಜಿಗಿತಕ್ಕೆ ಹ್ಯಾಂಡ್ಲರ್.

ಹ್ಯಾಂಡ್ಲರಿನ ಸೊಗಸು ಅದರ ಮರ್ಯಾದೆಯಲ್ಲಿದೆ. ತಾನು ಮುಟ್ಟಲಿರುವ ರಿಜಿಸ್ಟರುಗಳನ್ನೂ ಸ್ಥಿತಿ ರಿಜಿಸ್ಟರ್ `SREG` ಅನ್ನೂ ಅದು ಮೊದಲು ಎತ್ತಿಡುತ್ತದೆ, ಏಕೆಂದರೆ ಈ ಚಿಪ್ಪು ಅವನ್ನು ತಾನಾಗಿ ಉಳಿಸುವುದಿಲ್ಲ. ಸಿ ಭಾಷೆಯಲ್ಲಾದರೆ ಕಂಪೈಲರ್ ನೋಡಿಕೊಳ್ಳುತ್ತದೆ. ಅಸೆಂಬ್ಲಿಯಲ್ಲಿ `SREG` ಮರೆತರೆ, ಎರಡು ಸಂಖ್ಯೆಗಳ ಹೋಲಿಕೆಗೂ ಅದರ ಫಲ ನೋಡಿ ಕವಲೊಡೆಯುವ ಆದೇಶಕ್ಕೂ ನಡುವೆ ಇಂಟರಪ್ಟ್ ಬಿದ್ದ ದಿನ ಪ್ರೋಗ್ರಾಮು ತಪ್ಪು ದಾರಿ ಹಿಡಿಯುತ್ತದೆ. ಮರುದಿನ ಹುಡುಕಿದರೆ ಎಲ್ಲ ಸರಿಯಾಗಿರುತ್ತದೆ! ಇಂಥ ಅಪರೂಪದ ತಪ್ಪು ಕಂಡಲ್ಲಿ ಮೊದಲ ಗುಮಾನಿ ಹ್ಯಾಂಡ್ಲರಿನ ಮೇಲೆ ಹೋಗಬೇಕು.

ಆಮೇಲೆ `UDR0` ಓದಿ ಬಫರಿಗೆ ಹಾಕುವುದು. ಓದಿದ್ದರಿಂದಲೇ `RXC0` ಇಳಿಯುತ್ತದೆ. ಓದದೆ ಮರಳಿದರೆ ಅದೇ ಇಂಟರಪ್ಟ್ ಮತ್ತೆ ಮತ್ತೆ ಎದ್ದು ಮುಖ್ಯ ಪ್ರೋಗ್ರಾಮು ತೆವಳತೊಡಗುತ್ತದೆ. ಕೊನೆಗೆ ಎತ್ತಿಟ್ಟದ್ದನ್ನೆಲ್ಲ ಹಿಂದಿರುಗಿಸಿ `RETI`: ವಿಳಾಸ ಸ್ಟ್ಯಾಕಿನಿಂದ ಹೊರಬರುತ್ತದೆ, I ಬಿಟ್ ಮತ್ತೆ ಏಳುತ್ತದೆ. ಇನ್ನೊಂದು ಇಂಟರಪ್ಟ್ ಕಾಯುತ್ತಿದ್ದರೂ ಮುಖ್ಯ ಪ್ರೋಗ್ರಾಮಿನ ಒಂದು ಆದೇಶವಾದರೂ ನಡೆದೇ ಅದರ ಸರದಿ.

ಈ ಹೋಗಿಬರುವ ಖರ್ಚು 60 ಸೈಕಲ್ ಎಂದುಕೊಂಡರೂ 16,600ರ ಮುಂದೆ ಅದು ಲೆಕ್ಕಕ್ಕಿಲ್ಲ. ಆದರೆ ವೇಗವನ್ನು 2 ಮೆಗಾಬಾಡ್‌ಗೆ ಏರಿಸಿ ನೋಡಿ: ಅಕ್ಷರಕ್ಕೆ ಸಿಗುವುದು 80 ಸೈಕಲ್ ಮಾತ್ರ. ಆಗ ಎತ್ತಿಡುವುದು, ಹಿಂದಿರುಗಿಸುವುದರಲ್ಲೇ ಹೊತ್ತು ಹೋಗುತ್ತದೆ. ಕಣ್ಣಿಟ್ಟು ಕಾಯುವ ಪೋಲಿಂಗೇ ಮೇಲು. ಲಿನಕ್ಸ್‌ನ ನೆಟ್‌ವರ್ಕ್ ವ್ಯವಸ್ಥೆಯಲ್ಲಿರುವ NAPI ಎರಡನ್ನೂ ಬಳಸುತ್ತದೆ. ಮೊದಲ ಪ್ಯಾಕೆಟ್ ಇಂಟರಪ್ಟ್ ಎಬ್ಬಿಸುತ್ತದೆ. ಡ್ರೈವರ್ ಕೂಡಲೇ ಆ ಇಂಟರಪ್ಟನ್ನು ಮುಚ್ಚಿ, ಸಾಲಿನಲ್ಲಿರುವ ಪ್ಯಾಕೆಟ್‌ಗಳನ್ನು ಪೋಲಿಂಗ್‌ನಿಂದ ಎತ್ತಿಕೊಳ್ಳುತ್ತದೆ. ಸಾಲು ಖಾಲಿಯಾದ ಮೇಲೆ ಇಂಟರಪ್ಟನ್ನು ಮತ್ತೆ ತೆರೆಯುತ್ತದೆ.