ಎಷ್ಟನೇ ಸೆಕೆಂಡಿಗೆ ಎಷ್ಟು ಜನ ಉಳಿದಿದ್ದರು?

ಜಾಗೃತಿ ವಿಡಿಯೊ ಮಾಡುವ ಸ್ವಯಂಸೇವಾ ಸಂಸ್ಥೆಗಳು ಅಭಿಯಾನ ಮುಗಿದ ಮೇಲೆ ದಾನಿಗಳಿಗೆ ಕಳಿಸುವ ಇ-ಮೇಲ್‌ನಲ್ಲಿ ಎರಡು ಅಂಕಿಗಳು ಇದ್ದೇ ಇರುತ್ತವೆ. ವಿಡಿಯೊ ಎಷ್ಟು ಜನರನ್ನು ತಲುಪಿತು ಎನ್ನುವ 'ರೀಚ್' ಒಂದು, ಶುರು ಮಾಡಿದವರಲ್ಲಿ ಎಷ್ಟು ಮಂದಿ ಕೊನೆಯವರೆಗೂ ನೋಡಿದರು ಎನ್ನುವ ಶೇಕಡಾವಾರು ಇನ್ನೊಂದು. ಇವೆರಡೂ ಸುಳ್ಳಲ್ಲ. ಆದರೆ ಓದುವವರು ಇವುಗಳಲ್ಲಿ ಕಾಣುವ ಅರ್ಥಕ್ಕೂ ಇವು ನಿಜವಾಗಿ ಎಣಿಸಿದ್ದಕ್ಕೂ ನಡುವೆ ಬಹಳ ಅಂತರವಿದೆ. ಹಾವು ಕಡಿತದ ಪ್ರಥಮ ಚಿಕಿತ್ಸೆ ಕುರಿತ 90 ಸೆಕೆಂಡಿನ ವಿಡಿಯೊವೊಂದನ್ನು ಎದುರಿಗಿಟ್ಟುಕೊಂಡು ಈ ಅಂತರವನ್ನು ನೋಡೋಣ. 2000ದಿಂದ 2019ರವರೆಗಿನ ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಿದ್ದರು. ಬಿಗಿಯಾಗಿ ಕಟ್ಟು ಹಾಕಬೇಡಿ, ಗಾಯ ಕೊಯ್ಯಬೇಡಿ, ಕಚ್ಚಿದ ಕೈಕಾಲು ಅಲುಗಾಡಿಸದೆ ತಕ್ಷಣ ಆಸ್ಪತ್ರೆಗೆ ಹೋಗಿ ಎಂಬ ನಾಲ್ಕು ಮಾತು ಸಮಯಕ್ಕೆ ಸರಿಯಾಗಿ ಗೊತ್ತಿದ್ದರೆ ಉಳಿಯುವ ಜೀವಗಳಿವೆ. ಹಾಗಾಗಿ ಈ ಲೆಕ್ಕ ತಪ್ಪಬಾರದು.

ಮೊದಲು ರೀಚ್. ಇದು ಮನುಷ್ಯರ ಎಣಿಕೆಯಲ್ಲ, ವಿಡಿಯೊ ಒಮ್ಮೆಯಾದರೂ ಪರದೆಗೆ ಬಂದ ಖಾತೆಗಳ ಅಂದಾಜು. ಮನೆಯಲ್ಲಿ ನಾಲ್ವರಿಗೆ ಒಂದೇ ಸ್ಮಾರ್ಟ್‌ಫೋನ್ ಇದ್ದರೆ ಆ ನಾಲ್ವರು ಲೆಕ್ಕದಲ್ಲಿ ಒಬ್ಬರೇ. ಒಬ್ಬರಿಗೇ ಎರಡು ಖಾತೆಗಳಿದ್ದರೆ ಅವರು ಇಬ್ಬರಾಗಬಹುದು. ಅದಕ್ಕಿಂತ ಮುಖ್ಯವಾಗಿ, ಹೆಬ್ಬೆರಳಿನಿಂದ ಸರ್ರನೆ ಮೇಲಕ್ಕೆ ತಳ್ಳಿದ ಪರದೆಯೂ ಇದರಲ್ಲಿ ಸೇರಿರುತ್ತದೆ. ಆದ್ದರಿಂದ ರೀಚ್ ಹೇಳುವುದು ಎಷ್ಟು ಪರದೆಗಳಲ್ಲಿ ಅವಕಾಶವಿತ್ತು ಎಂಬುದನ್ನು ಮಾತ್ರ.

ಗೊಂದಲ ಹೆಚ್ಚಿರುವುದು ಎರಡನೆಯ ಅಂಕಿಯಲ್ಲಿ. ಶೇಕಡಾವಾರು ಎಂದರೆ ಒಂದು ಭಿನ್ನರಾಶಿ, ಇಲ್ಲಿ ಎಡವುವುದು ಛೇದದಲ್ಲಿ. ಲೆಕ್ಕದ ಅನುಕೂಲಕ್ಕೆ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ: ನಮ್ಮ ವಿಡಿಯೊ 10 ಲಕ್ಷ ಖಾತೆಗಳ ಪರದೆಗೆ ಬಂತು, 4 ಲಕ್ಷ ಮಂದಿ 3 ಸೆಕೆಂಡು ನೋಡಿದರು, 80,000 ಮಂದಿ 15 ಸೆಕೆಂಡು ದಾಟಿದರು, 24,000 ಮಂದಿ ಕೊನೆ ಮುಟ್ಟಿದರು. ಈ 24,000ವನ್ನು 15 ಸೆಕೆಂಡು ದಾಟಿದವರಿಂದ ಭಾಗಿಸಿದರೆ ಶೇ. 30, 3 ಸೆಕೆಂಡು ನೋಡಿದವರಿಂದ ಭಾಗಿಸಿದರೆ ಶೇ. 6, ರೀಚ್‌ನಿಂದ ಭಾಗಿಸಿದರೆ ಶೇ. 2.4. ಮೂರೂ ಸರಿಯಾದ ಲೆಕ್ಕವೇ. ಛೇದ ಯಾವುದೆಂದು ಬರೆಯದೆ 'ಶೇ. 30 ಜನ ಪೂರ್ತಿ ನೋಡಿದರು' ಎಂದರೆ ಮಾತ್ರ ಓದುವವರು ದಾರಿ ತಪ್ಪುತ್ತಾರೆ. ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. ಫೇಸ್‌ಬುಕ್ ತನ್ನ ವಿಡಿಯೊಗಳ ಸರಾಸರಿ ವೀಕ್ಷಣಾ ಸಮಯವನ್ನು ಲೆಕ್ಕ ಹಾಕುವಾಗ 3 ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಛೇದದಿಂದ ಬಿಟ್ಟಿತ್ತು. ಸರಾಸರಿ ಉಬ್ಬಿದ್ದನ್ನು 2016ರಲ್ಲಿ ಒಪ್ಪಿಕೊಂಡಿತು. ಅಳತೆಗೋಲೂ ಬದಲಾಗುತ್ತಿರುತ್ತದೆ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ ಕೊನೆಯಿಂದ ವಿಡಿಯೊ ಶುರುವಾದರೆ ಸಾಕು, ಒಂದು ವ್ಯೂ ಆಗುತ್ತದೆ. ಅದಕ್ಕೂ ಹಿಂದಿನ ಅಭಿಯಾನದ ವ್ಯೂಗಳನ್ನು ಈಚಿನವುಗಳ ಪಕ್ಕದಲ್ಲಿಟ್ಟು 'ಈ ಸಲ ಹೆಚ್ಚಿದೆ' ಎಂದು ದಾನಿಗಳಿಗೆ ಬರೆಯುವಂತಿಲ್ಲ.

ಛೇದ ಸರಿಪಡಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯವಾದದ್ದು: ಆ ನಾಲ್ಕು ಮಾತು ಬರುವುದು ಎಷ್ಟನೇ ಸೆಕೆಂಡಿಗೆ? ಗದ್ದೆಯ ಬದು, ಸಂಜೆಗತ್ತಲು, ಹುಲ್ಲಿನಲ್ಲಿ ಸರಿದಾಡುವ ಹಾವು, ಓಡಿಬರುವ ಮನೆಯವರು, ಇಷ್ಟಕ್ಕೇ ಒಂದು ನಿಮಿಷ ಹೋಗಿ, 'ಕಟ್ಟು ಹಾಕಬೇಡಿ' ಎಂಬ ಮಾತು 62ನೇ ಸೆಕೆಂಡಿಗೆ ಬಂದಿತೆನ್ನಿ. ಯಾವ ಸೆಕೆಂಡಿಗೆ ಶೇಕಡಾ ಎಷ್ಟು ಮಂದಿ ಉಳಿದಿದ್ದರು ಎಂಬ ಇಳಿಜಾರಿನ ಗೆರೆಯನ್ನು ವಿಡಿಯೊ ಹಾಕಿದವರಿಗೆ ಯೂಟ್ಯೂಬ್ ತಾನೇ ತೋರಿಸುತ್ತದೆ. ಆ ಗೆರೆಯ ಪ್ರಕಾರ 62ನೇ ಸೆಕೆಂಡಿಗೆ ಉಳಿದವರು 36,000 ಎಂದು ಲೆಕ್ಕ ಬಂದರೆ, 10 ಲಕ್ಷದ ಅಭಿಯಾನದಲ್ಲಿ ಸಂದೇಶ ಕೇಳಿರಬಹುದಾದವರು ಹೆಚ್ಚೆಂದರೆ ಅಷ್ಟೇ. ಅದೇ ಮಾತನ್ನು 15ನೇ ಸೆಕೆಂಡಿನೊಳಗೆ ಹೇಳಿ ಮುಗಿಸಿದ್ದರೆ, ಇಳಿಜಾರು ಹೆಚ್ಚು ಬದಲಾಗದಿದ್ದಲ್ಲಿ, 80,000 ಮಂದಿಯ ಕಿವಿಗೆ ಬೀಳುತ್ತಿತ್ತು. ಬೇಕಾದದ್ದು ಆಗಲೇ ಸಿಕ್ಕಿತೆಂದು ಅವರಲ್ಲಿ ಹಲವರು ಎದ್ದು ಹೋಗಬಹುದು, ಕೊನೆ ಮುಟ್ಟುವವರು 24,000ದಿಂದ 18,000ಕ್ಕೆ ಇಳಿಯಬಹುದು. ಇ-ಮೇಲ್‌ನಲ್ಲಿ ಅದು ಸೋಲಿನಂತೆ ಕಾಣುತ್ತದೆ, ಆದರೆ ಕೆಲಸ ಎರಡು ಪಟ್ಟಿಗಿಂತ ಹೆಚ್ಚು ಆಗಿರುತ್ತದೆ. ಇದರ ತಿರುವೂ ಸಾಧ್ಯ. 90 ಸೆಕೆಂಡಿನದನ್ನು 10 ಸೆಕೆಂಡಿಗೆ ಕತ್ತರಿಸಿದರೆ, ಅಥವಾ ದಾಟಿಸಲು ಬಾರದ ಜಾಹೀರಾತಾಗಿ ಹಾಕಿದರೆ, ಪೂರ್ತಿ ನೋಡಿದವರ ಪ್ರಮಾಣ ತಾನಾಗಿ ಏರುತ್ತದೆ. ನೋಡುಗರ ಮನಸ್ಸಿನಲ್ಲಿ ಏನೂ ಬದಲಾಗಿರಬೇಕಿಲ್ಲ.

ಉಳಿದವರು ಯಾರು ಎಂಬುದೂ ಅಷ್ಟೇ ಮುಖ್ಯ. ಹೆಚ್ಚು ಹೊತ್ತು ನೋಡುವವರು ಬೇಕೆಂದು ಹಣ ಕಟ್ಟಿದರೆ, ಜಾಲತಾಣದ ಯಂತ್ರವ್ಯವಸ್ಥೆ ಸಾಮಾನ್ಯವಾಗಿ ವಿಡಿಯೊ ನೋಡುವ ಅಭ್ಯಾಸವಿರುವವರನ್ನೇ ಹುಡುಕಿ ತೋರಿಸುತ್ತದೆ. ಅವರು ನಗರದಲ್ಲಿ ಕೂತು ಹಾವಿನ ವಿಡಿಯೊ ಇಷ್ಟಪಟ್ಟು ನೋಡುವವರಾಗಿರಬಹುದು. ಕತ್ತಲಲ್ಲಿ ಬರಿಗಾಲಲ್ಲಿ ನೀರು ಹಾಯಿಸಲು ಹೋಗುವವರಿಗೆ ಅದು ಬಾರದೇ ಹೋಗಬಹುದು. ಜಿಲ್ಲಾವಾರು ರೀಚ್ ಜತೆಗಿರದಿದ್ದರೆ ಶೇ. 30 ಎಂಬುದು ಸಂದೇಶ ಬೇಕಾದವರ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹಾಗಾದರೆ ಈ ಅಂಕಿಗಳೆಲ್ಲ ಉಬ್ಬಿದವೇ, ಪರಿಣಾಮ ಯಾವಾಗಲೂ ಇವಕ್ಕಿಂತ ಕಡಿಮೆಯೇ ಎಂದು ಕೇಳಬಹುದು. ಹಾಗೆಂದು ತೀರ್ಮಾನಿಸುವಂತಿಲ್ಲ. ಅದಕ್ಕೆ ಸಾಕ್ಷಿ ಪಶ್ಚಿಮ ಬಂಗಾಳದಲ್ಲಿದೆ. 2020ರಲ್ಲಿ ಕೋವಿಡ್ ಹರಡುತ್ತಿದ್ದಾಗ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಬಂಗಾಳಿಯಲ್ಲಿ ಮಾತಾಡಿದ ಸುಮಾರು ಎರಡೂವರೆ ನಿಮಿಷದ ವಿಡಿಯೊಗಳ ಕೊಂಡಿಯನ್ನು ಎಸ್ಸೆಮ್ಮೆಸ್ ಮೂಲಕ ಸುಮಾರು 2.5 ಕೋಟಿ ಮಂದಿಗೆ ಕಳಿಸಲಾಯಿತು. ಯಾವ ಪಿನ್‌ಕೋಡ್ ಪ್ರದೇಶಕ್ಕೆ ವಿಡಿಯೊ, ಯಾವುದಕ್ಕೆ ಸರ್ಕಾರಿ ಮಾಹಿತಿಯ ಕೊಂಡಿ ಮಾತ್ರ ಎಂಬುದನ್ನು ಚೀಟಿ ಎತ್ತಿದಂತೆ ಆರಿಸಿದ್ದರು. ವಿಡಿಯೊ ಹೋದ ಕಡೆ ರೋಗಲಕ್ಷಣಗಳನ್ನು ಆರೋಗ್ಯ ಕಾರ್ಯಕರ್ತೆಯರಿಗೆ ತಿಳಿಸುವುದು ದುಪ್ಪಟ್ಟಾಯಿತು. ಅಚ್ಚರಿಯೆಂದರೆ, ಅದೇ ಊರಿನಲ್ಲಿ ಎಸ್ಸೆಮ್ಮೆಸ್ ಬಾರದವರ ನಡವಳಿಕೆಯೂ ಹೆಚ್ಚುಕಡಿಮೆ ಅಷ್ಟೇ ಬದಲಾಯಿತು. ಜಗಲಿಯ ಮಾತಿನಲ್ಲಿ ಹರಡಿದ ವಿಷಯ ಯಾವ ರೀಚ್‌ನಲ್ಲೂ ದಾಖಲಾಗುವುದಿಲ್ಲ. ಅಂದರೆ ಇ-ಮೇಲ್‌ನ ಅಂಕಿ ನಿಜವಾದ ಪರಿಣಾಮಕ್ಕಿಂತ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಯಾವ ಕಡೆಗೆ ಎಂಬುದನ್ನು ಆ ಅಂಕಿಯನ್ನೇ ದಿಟ್ಟಿಸಿ ತಿಳಿಯಲಾಗದು. ವಿಡಿಯೊ ಹೋಗದ ಊರಿನೊಂದಿಗೆ ಹೋಲಿಸಿದರೆ ಮಾತ್ರ ತಿಳಿಯುತ್ತದೆ.

ಅಷ್ಟು ದೊಡ್ಡ ಪ್ರಯೋಗಕ್ಕೆ ಸಣ್ಣ ಸಂಸ್ಥೆಯ ಬಳಿ ಹಣವೆಲ್ಲಿದೆ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಹೋಲಿಕೆಗೆ ಯಾವಾಗಲೂ ಅಷ್ಟು ಖರ್ಚು ಬೇಕಿಲ್ಲ. ವಿಡಿಯೊವನ್ನು 20 ತಾಲ್ಲೂಕುಗಳಲ್ಲಿ ತೋರಿಸುವುದಿದ್ದರೆ, ಚೀಟಿ ಎತ್ತಿ 10ರಲ್ಲಿ ಈಗ, ಉಳಿದ 10ರಲ್ಲಿ ಮೂರು ತಿಂಗಳ ನಂತರ ತೋರಿಸಬಹುದು. ಯಾರೂ ವಂಚಿತರಾಗುವುದಿಲ್ಲ, ನಡುವಿನ ಮೂರು ತಿಂಗಳು ಹೋಲಿಕೆಗೆ ಸಿಗುತ್ತದೆ. ಕರ್ನಾಟಕದಲ್ಲಿ ಇದಕ್ಕೊಂದು ಅನುಕೂಲವೂ ಇದೆ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದರಿಂದ ಆಸ್ಪತ್ರೆಗಳು ಪ್ರಕರಣಗಳನ್ನು ವರದಿ ಮಾಡಲೇಬೇಕು. ಒಪ್ಪುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇನ್ನೆರಡು ವಿಷಯ ಬರೆದಿಡುವಂತೆ ಕೇಳಿಕೊಂಡರೆ ಸಾಕು: ಕಚ್ಚಿ ಎಷ್ಟು ಹೊತ್ತಿಗೆ ಬಂದರು, ಬಂದಾಗ ಕೈಕಾಲಿಗೆ ಬಿಗಿಯಾದ ಕಟ್ಟು ಇತ್ತೇ. 20 ತಾಲ್ಲೂಕು, ಮೂರು ತಿಂಗಳು ಎಂದರೆ ಸಣ್ಣ ಲೆಕ್ಕ. ಸಾವಿನ ಸಂಖ್ಯೆ ಇಳಿಯಿತೆಂದು ಅದರಿಂದ ಸಾಧಿಸಲಾಗದು. ಕಟ್ಟು ಕಡಿಮೆಯಾಯಿತೇ, ಬೇಗ ಬಂದರೇ ಎಂಬುದು ದೊಡ್ಡ ಪ್ರಮಾಣದಲ್ಲಿ ಬದಲಾಗಿದ್ದರೆ ಕಾಣಿಸಬಹುದು.

ಇನ್ನೊಂದು ಸಂಗತಿಯನ್ನು ಅಭಿಯಾನ ಶುರುವಾಗುವ ಮೊದಲೇ ದಾನಿಗಳಿಗೆ ಬರೆದು ತಿಳಿಸಬೇಕು. ವಿಡಿಯೊ ಕೆಲಸ ಮಾಡಿದರೆ ಆ ತಾಲ್ಲೂಕುಗಳ ಆಸ್ಪತ್ರೆಗಳಲ್ಲಿ ಹಾವು ಕಡಿತದ ಪ್ರಕರಣಗಳು ಮೊದಲು ಹೆಚ್ಚುತ್ತವೆ. ಬಂಗಾಳದಲ್ಲಿ ದುಪ್ಪಟ್ಟಾದದ್ದು ರೋಗವಲ್ಲ, ಹೇಳಿಕೊಳ್ಳುವವರ ಸಂಖ್ಯೆ. ಇಲ್ಲಿಯೂ ಹಾವುಗಳು ಹೆಚ್ಚಿರುವುದಿಲ್ಲ. ನಾಟಿ ಮದ್ದು, ಮಂತ್ರ ಎಂದು ಬೇರೆಡೆ ಹೋಗುತ್ತಿದ್ದವರು ಆಸ್ಪತ್ರೆಯ ಪುಸ್ತಕದಲ್ಲಿ ಹೆಸರು ಬರೆಸುತ್ತಿರುತ್ತಾರೆ.